ನಾಗರ, ದ್ರಾವಿಡ: ನೆಲದಿಂದ ಓದಬೇಕಾದ ಶಿಖರಗಳು

ಭಾರತೀಯ ಇತಿಹಾಸವನ್ನೋ ಕಲಾಚರಿತ್ರೆಯನ್ನೋ ವ್ಯಾಸಂಗ ಮಾಡುವ ವಿದ್ಯಾರ್ಥಿಗಳಿಗೆ ಪರೀಕ್ಷೆಯಲ್ಲಿ ಮರಳಿ ಮರಳಿ ಎದುರಾಗುವ ಪ್ರಶ್ನೆಗಳಲ್ಲಿ ಇದೂ ಒಂದು: ಉತ್ತರದೇಶದ ವಕ್ರರೇಖೆಯ ದೇವಾಲಯಶಿಖರಕ್ಕೂ ದಕ್ಷಿಣದೇಶದ ಪಿರಮಿಡ್ಡಿನ ಆಕಾರದ ವಿಮಾನಕ್ಕೂ ಇರುವ ಭೇದವನ್ನು ನೆಲವಿನ್ಯಾಸ ಮತ್ತು ಊರ್ಧ್ವವಿನ್ಯಾಸಗಳ ಚಿತ್ರಸಹಿತವಾಗಿ ವಿವರಿಸಿರಿ. ಇದಕ್ಕೆ ಬರುವ ಉತ್ತರಗಳು ಬಹುಮಟ್ಟಿಗೆ ಒಂದೇ ಎರಕದವು. ಹಾಳೆಯ ನಡುವೆ ಒಂದು ಗೆರೆಯನ್ನೆಳೆದು, ಎಡಕ್ಕೆ ಬಾಗಿದ ಶಿಖರ, ಬಲಕ್ಕೆ ಮೆಟ್ಟಿಲಾಗಿ ಏರುವ ವಿಮಾನ. ಎಡಕ್ಕೆ ಆಮಲಕ, ಬಲಕ್ಕೆ ಸ್ತೂಪಿ. ಎಡಕ್ಕೆ ಎತ್ತರದ ಜಗತಿ, ಬಲಕ್ಕೆ ಪ್ರಾಕಾರ ಮತ್ತು ಗೋಪುರ ಎಂದು ಪಟ್ಟಿ ಮಾಡಿ, ಕಡೆಗೆ ಖಜುರಾಹೊ ತಂಜಾವೂರುಗಳ ಹೆಸರನ್ನು ಬರೆದು ಮುಗಿಸುವುದೇ ವಾಡಿಕೆಯಾಗಿದೆ. ಇವುಗಳಲ್ಲಿ ಯಾವುದೂ ಪೂರ್ತಿ ಸುಳ್ಳಲ್ಲ. ಆದರೆ ಒಂದು ಏಕೆ ಬಾಗಿತು, ಮತ್ತೊಂದು ಏಕೆ ಮೆಟ್ಟಿಲಾಯಿತು ಎಂಬ ಮೂಲಪ್ರಶ್ನೆ ಇಂಥ ಪಟ್ಟಿಯಲ್ಲಿ ಅಸ್ಪೃಷ್ಟವಾಗಿಯೇ ಉಳಿದುಬಿಡುತ್ತದೆ. ನೆಲವಿನ್ಯಾಸವನ್ನು ಕೇಳಿದಾಗ ವಿದ್ಯಾರ್ಥಿಯು ಎರಡಕ್ಕೂ ಒಂದೊಂದು ಚೌಕವನ್ನು ಬರೆದು ತೃಪ್ತನಾಗುವುದೂ, ಆ ಚೌಕಕ್ಕೂ ಅದರ ಮೇಲೆ ತಾನು ಬರೆದ ಶಿಖರಕ್ಕೂ ಏನು ಸಂಬಂಧವೆಂದು ಒಂದು ಮಾತನ್ನೂ ಹೇಳದಿರುವುದೂ ಈ ಕಾರಣದಿಂದಲೇ.

ಈ ಸಂಬಂಧವನ್ನು ಕಣ್ಣಾರೆ ಕಂಡು ತಿಳಿಯಲು ಪಟ್ಟದಕಲ್ಲಿಗಿಂತ ಮೇಲಾದ ಪಾಠಶಾಲೆ ಇಡೀ ದೇಶದಲ್ಲಿ ಇರಲಾರದೆಂದು ನನ್ನ ಅಭಿಪ್ರಾಯ. ಮಲಪ್ರಭೆಯು ಉತ್ತರಾಭಿಮುಖವಾಗಿ ತಿರುಗಿ ಹರಿಯುವ ಆ ದಂಡೆಯಲ್ಲಿ, ಬಾದಾಮಿಯ ಚಾಲುಕ್ಯರ ಕಾಲದಲ್ಲಿ, ಎಂಟನೆಯ ಶತಮಾನದಲ್ಲಿ, ಒಂದೇ ಬಗೆಯ ಕೆಂಪು ಮರಳುಗಲ್ಲಿನಲ್ಲಿ, ಒಂದೇ ದೇವರಿಗಾಗಿ ಎರಡೂ ಸಂಪ್ರದಾಯಗಳ ಗುಡಿಗಳು ಅಕ್ಕಪಕ್ಕದಲ್ಲಿ ಎದ್ದು ನಿಂತಿವೆ. ಇಮ್ಮಡಿ ವಿಕ್ರಮಾದಿತ್ಯನು ಕಂಚಿಯ ಪಲ್ಲವರನ್ನು ಗೆದ್ದುದರ ಸ್ಮರಣೆಗಾಗಿ ಅವನ ರಾಣಿ ಲೋಕಮಹಾದೇವಿಯು ಕಟ್ಟಿಸಿದ, ಇಂದು ವಿರೂಪಾಕ್ಷವೆಂದು ಹೆಸರಾದ ಗುಡಿಯು ದಕ್ಷಿಣದ ರೀತಿಯದು. ಅದೇ ಆವರಣದ ಉತ್ತರಭಾಗದಲ್ಲಿರುವ ಗಳಗನಾಥವು ಉತ್ತರದ ರೀತಿಯದು. ಮಲ್ಲಿಕಾರ್ಜುನನ ದಕ್ಷಿಣರೀತಿಯ ಗುಡಿಯ ಬಳಿಯಲ್ಲಿಯೇ ಕಾಶಿವಿಶ್ವನಾಥನ ಉತ್ತರರೀತಿಯ ಗುಡಿಯಿದೆ. ಕಲ್ಲು, ಕಾಲ, ಹವೆ, ಆಶ್ರಯ ಇವೆಲ್ಲವೂ ಒಂದೇ ಆಗಿರುವಲ್ಲಿ ಉಳಿಯುವ ಭೇದವು ಕೇವಲ ರಚನಾಕ್ರಮದ ಭೇದವೇ ಆಗಿರತಕ್ಕದ್ದು. ವಿರೂಪಾಕ್ಷದ ಶಾಸನಗಳಲ್ಲಿ ಒಬ್ಬ ಶಿಲ್ಪಿಯನ್ನು ತೆಂಕಣ ದಿಕ್ಕಿನ ಸೂತ್ರಧಾರಿಯೆಂದು ಹೊಗಳಿರುವುದನ್ನು ನೋಡಿದರೆ, ತಾವು ಕಟ್ಟುತ್ತಿರುವುದು ಎರಡು ಬೇರೆ ಬೇರೆ ಸಂಪ್ರದಾಯಗಳೆಂಬ ಅರಿವು ಆ ಕಾಲದವರಿಗೆ ಚೆನ್ನಾಗಿಯೇ ಇದ್ದಿತೆಂದು ತೋರುತ್ತದೆ.

ಮೊದಲು ನೆಲವನ್ನೇ ನೋಡೋಣ. ಗರ್ಭಗುಡಿಯ ಒಳಮೈ ಎರಡು ರೀತಿಗಳಲ್ಲಿಯೂ ಸಾಮಾನ್ಯವಾಗಿ ಚೌಕವೇ. ವಿರೂಪಾಕ್ಷದಲ್ಲಿಯೂ ಗಳಗನಾಥದಲ್ಲಿಯೂ ಆ ಚೌಕದ ಸುತ್ತ ಮುಚ್ಚಿದ ಪ್ರದಕ್ಷಿಣಪಥವುಂಟು. ಮುಂದೆ ಸುಕನಾಸಿ, ಅದರ ಮುಂದೆ ಮಂಟಪ. ಇಷ್ಟರ ಮಟ್ಟಿಗೆ ಎರಡು ನಕ್ಷೆಗಳನ್ನು ಒಂದರ ಮೇಲೊಂದಿಟ್ಟರೆ ಮಹತ್ತ್ವದ ವ್ಯತ್ಯಾಸವೇನೂ ಕಾಣದು. ವ್ಯತ್ಯಾಸವಿರುವುದು ಹೊರಗೋಡೆಯ ಅಂಚುಗೆರೆಯಲ್ಲಿ. ಯಾವ ದೇವಾಲಯದ ಗೋಡೆಯೂ ಬರಿಯ ನೇರಗೆರೆಯಾಗಿ ಓಡುವುದಿಲ್ಲ; ಅದು ಅಲ್ಲಲ್ಲಿ ಮುಂದಕ್ಕೆ ಚಾಚುತ್ತದೆ, ಅಲ್ಲಲ್ಲಿ ಹಿಂದಕ್ಕೆ ಸರಿಯುತ್ತದೆ. ಈ ಚಾಚುಗಳನ್ನು ಶಿಲ್ಪಿ ಮೇಲಕ್ಕೆ ಹೇಗೆ ಒಯ್ಯುತ್ತಾನೆ ಎಂಬುದರಲ್ಲಿಯೇ ಪರೀಕ್ಷೆಯ ಪ್ರಶ್ನೆಗೆ ಬೇಕಾದ ಉತ್ತರವೆಲ್ಲ ಅಡಗಿದೆ.

ನಾಗರಕ್ರಮದಲ್ಲಿ ಚೌಕದ ಪ್ರತಿಯೊಂದು ಬದಿಯ ನಡುಭಾಗವು ಮುಂದೆ ಬರುತ್ತದೆ. ಇದು ಭದ್ರ. ಮೂಲೆಯ ಭಾಗವು ಕರ್ಣ. ಬದಿಯೊಂದಕ್ಕೆ ಒಂದು ಭದ್ರ, ಎರಡು ಕರ್ಣ, ಅಂತು ಮೂರು ಮುಖಗಳಾದರೆ ಅದು ತ್ರಿರಥವಿನ್ಯಾಸ, ಭದ್ರಕ್ಕೂ ಕರ್ಣಕ್ಕೂ ನಡುವೆ ಪ್ರತಿರಥವೆಂಬ ಇನ್ನೊಂದು ಮಟ್ಟವನ್ನು ಸೇರಿಸಿದರೆ ಪಂಚರಥ, ಹೀಗೆಯೇ ಸಪ್ತರಥ. ವಿದ್ಯಾರ್ಥಿಯು ಚಿತ್ರವನ್ನು ಬರೆಯುವಾಗ ಹತ್ತು ಪಾಲಿನ ಬದಿಯುಳ್ಳ ಒಂದು ಚೌಕವನ್ನು ತೆಗೆದುಕೊಂಡು, ಮೂಲೆಗೆ 2, ಪ್ರತಿರಥಕ್ಕೆ 1½, ನಡುವಣ ಭದ್ರಕ್ಕೆ 3, ಮತ್ತೆ 1½, ಮತ್ತೆ 2 ಎಂದು ಹಂಚಿ, ಪ್ರತಿರಥವನ್ನು ಕರ್ಣಕ್ಕಿಂತ ತುಸು ಮುಂದಕ್ಕೂ ಭದ್ರವನ್ನು ಅದಕ್ಕಿಂತ ತುಸು ಮುಂದಕ್ಕೂ ಇಟ್ಟರೆ ಪಂಚರಥದ ಸ್ಪಷ್ಟವಾದ ನಕ್ಷೆ ಸಿದ್ಧವಾಗುತ್ತದೆ. ಈ ಪಾಲುಗಳು ನಾನು ನಿದರ್ಶನಕ್ಕಾಗಿ ಆರಿಸಿಕೊಂಡವು. ಗುಡಿಯಿಂದ ಗುಡಿಗೆ ಅವು ಬದಲಾಗುತ್ತವೆ. ಬದಲಾಗದಿರುವುದು ಅವುಗಳ ಮುಂದಿನ ನಡೆ. ನೆಲದಲ್ಲಿ ಗುರುತಿಸಿದ ಈ ಐದು ಮುಖಗಳು ಅಧಿಷ್ಠಾನದಲ್ಲಿ ಐದಾಗಿಯೇ ಮೇಲೇಳುತ್ತವೆ. ಗೋಡೆಯಲ್ಲಿ ಐದಾಗಿಯೇ ಸಾಗುತ್ತವೆ. ಗೋಡೆ ಮುಗಿದು ಶಿಖರವು ಮೊದಲಾಗುವ ಎಡೆಯಲ್ಲಿ ಒಂದೆರಡು ಅಡ್ಡಪಟ್ಟಿಗಳು ಬಂದರೂ ಅವನ್ನು ದಾಟಿ ಐದು ಲಂಬಪಟ್ಟಿಗಳಾಗಿ ಶಿಖರದ ಹೆಗಲಿನವರೆಗೂ ಕಡಿವಡೆಯದೆ ಏರುತ್ತವೆ. ಈ ಪಟ್ಟಿಗೆ ಲತೆಯೆಂದು ಹೆಸರು. ಆದಕಾರಣ ನಾಗರಶಿಖರವನ್ನು ನೋಡುವ ಕಣ್ಣು ಎಲ್ಲಿಯೂ ನಿಲ್ಲಲಾರದು. ಬುಡದ ಚಾಚನ್ನು ಹಿಡಿದು ಹೊರಟರೆ ಒಂದೇ ಓಟದಲ್ಲಿ ತುದಿಯನ್ನು ಮುಟ್ಟುತ್ತದೆ.

ಈ ಪಟ್ಟಿಗಳೆಲ್ಲವೂ ತುದಿಯಲ್ಲಿ ಒಂದು ಸಣ್ಣ ಚೌಕದ ಮೇಲೆ ಸಂಧಿಸಬೇಕಾದುದರಿಂದ ಅವು ಒಳಕ್ಕೆ ಬಾಗಲೇಬೇಕು. ಆ ಬಾಗು ಎಂಥದೆಂಬುದನ್ನು ಮಾತ್ರ ಬಹಳ ಮಂದಿ ತಪ್ಪಾಗಿ ಚಿತ್ರಿಸುತ್ತಾರೆ. ಉತ್ತರಪತ್ರಿಕೆಗಳಲ್ಲಿ ಶಿಖರವು ಸಾಮಾನ್ಯವಾಗಿ ಮೊಟ್ಟೆಯಂತೆ ಉಬ್ಬಿರುತ್ತದೆ, ಇಲ್ಲವೆ ಬುಡದಿಂದಲೇ ಒಂದೇ ಸಮನಾಗಿ ಒಳಕ್ಕೆ ವಾಲಿರುತ್ತದೆ. ನಿಜವಾದ ಶಿಖರವು ಇವೆರಡೂ ಅಲ್ಲ. ಶಿಲ್ಪಗ್ರಂಥಗಳಲ್ಲಿ ಬುಡವು 10 ಪಾಲಾದರೆ ಹೆಗಲು 6 ಪಾಲಿರಬೇಕೆಂಬ ಪ್ರಮಾಣವೂ, ಬುಡದ ಅಗಲದ ಮೂರುಮಡಿ, ನಾಲ್ಮಡಿ, ಐದುಮಡಿ ಉದ್ದದ ದಾರವನ್ನು ಹಿಡಿದು ರೇಖೆಯನ್ನೆಳೆಯುವ ಕ್ರಮವೂ ಕಂಡುಬರುತ್ತವೆ. ಇದನ್ನು ಕಾಗದದ ಮೇಲೆ ಪರೀಕ್ಷಿಸಿ ನೋಡಬಹುದು. ಬುಡದ ಗೆರೆಯು 10 ಪಾಲಿರಲಿ. ಬಲ ಅಂಚಿನ ವಕ್ರರೇಖೆಗಾಗಿ, ಬುಡದ ಗೆರೆಯನ್ನೇ ಎಡಕ್ಕೆ ಬೆಳೆಸಿ, ಬಲ ಅಂಚಿನಿಂದ 40 ಪಾಲು ದೂರದಲ್ಲಿ ಕೇಂದ್ರವನ್ನಿಟ್ಟು ಕಂಸವನ್ನು ಎಳೆಯಬೇಕು. ಹೆಗಲು 6 ಪಾಲಾಗಬೇಕಾದರೆ ಒಂದೊಂದು ಬದಿಯೂ 2 ಪಾಲು ಒಳಕ್ಕೆ ಬರಬೇಕು. ಕಂಸವು 2 ಪಾಲು ಒಳಕ್ಕೆ ಬರುವಷ್ಟರಲ್ಲಿ ಅದು ಸುಮಾರು 12½ ಪಾಲು ಮೇಲಕ್ಕೆ ಏರಿರುತ್ತದೆ. ಎಂದರೆ ಶಿಖರದ ಎತ್ತರವು ಬುಡದ ಅಗಲದ ಒಂದೂಕಾಲರಷ್ಟಾಗುತ್ತದೆ. ದಾರವನ್ನು ಐದುಮಡಿ ಮಾಡಿದರೆ ಎತ್ತರವು ಸರಿಯಾಗಿ 14 ಪಾಲಾಗುತ್ತದೆ. ಮೂರುಮಡಿಗೆ ಇಳಿಸಿದರೆ 11ಕ್ಕೂ ಸ್ವಲ್ಪ ಕಡಿಮೆ. ದಾರವು ಉದ್ದವಾದಷ್ಟೂ ಶಿಖರವು ನೀಳ, ಬಾಗು ಮಂದ.

ಈ ಲೆಕ್ಕದಲ್ಲಿ ನಿಜವಾಗಿ ಗಮನಿಸಬೇಕಾದುದು ಅರ್ಧ ಎತ್ತರದ ಸ್ಥಿತಿ. ನಾಲ್ಮಡಿ ದಾರದ ಶಿಖರದಲ್ಲಿ ಅರ್ಧ ಎತ್ತರಕ್ಕೆ ಬಂದಾಗ ಅಂಚು ಒಳಕ್ಕೆ ಸರಿದಿರುವುದು ಹೆಚ್ಚುಕಡಮೆ ಅರ್ಧ ಪಾಲು ಮಾತ್ರ; ಉಳಿದ ಒಂದೂವರೆ ಪಾಲಿನ ಬಾಗೆಲ್ಲವೂ ಮೇಲಣ ಅರ್ಧದಲ್ಲಿಯೇ ನಡೆಯುತ್ತದೆ. ನೇರವಾದ ಇಳಿಜಾರಿನ ಪಿರಮಿಡ್ಡಿನಲ್ಲಾದರೋ ಅರ್ಧ ಎತ್ತರಕ್ಕೆ ಸರಿಯಾಗಿ ಅರ್ಧದಷ್ಟು, ಎಂದರೆ ಒಂದು ಪಾಲು, ಕಿರಿದಾಗಿರುತ್ತದೆ. ಕೇಂದ್ರವು ಬುಡದ ಮಟ್ಟದಲ್ಲಿಯೇ ಇರುವುದರಿಂದ ಕಂಸವು ಬುಡದಲ್ಲಿ ತೂಗುಗುಂಡಿನ ನೂಲಿನಂತೆ ನೆಟ್ಟಗೆ ಹೊರಡುತ್ತದೆ. ಗೋಡೆಯ ಲಂಬವು ಶಿಖರದ ಲಂಬದಲ್ಲಿ ಅರಿವಿಗೆ ಬಾರದಂತೆ ಲೀನವಾಗುತ್ತದೆ. ಬಾಗು ಮೇಲಕ್ಕೆ ಹೋದಂತೆ ಚುರುಕಾಗುತ್ತದೆ. ಗಳಗನಾಥದ ಶಿಖರವನ್ನು ಒಂದು ಪಾರ್ಶ್ವದಿಂದ ನೋಡಿದವರಿಗೆ ಈ ಮಾತು ಒಡನೆಯೇ ವೇದ್ಯವಾಗುವುದು: ಕೆಳಗಣ ಭಾಗವು ನೆಟ್ಟಗೆ ನಿಂತು, ಮೇಲಣ ಭಾಗವು ಒಮ್ಮೆಗೇ ಒಳಕ್ಕೆ ತಿರುಗಿ, ಹೆಗಲಿನ ಮೇಲೆ ಕುಳ್ಳಾದ ಕಂಠವನ್ನೂ, ಅದರ ಮೇಲೆ ಅಂಚೆಲ್ಲ ಗೀರುಗೀರಾದ ದುಂಡಾದ ಆಮಲಕವನ್ನೂ, ಅದರ ಮೇಲೆ ಕಲಶವನ್ನೂ ಹೊತ್ತಿದೆ. ಆಮಲಕವನ್ನು ಬರಿಯ ಅಲಂಕಾರವೆಂದು ಬರೆಯುವುದು ಸರಿಯಲ್ಲ. ಚೌಕವಾಗಿ ಹೊರಟು ಚೌಕವಾಗಿಯೇ ಮುಗಿದ ಹೆಗಲಿನ ಮೇಲೆ ಎಲ್ಲ ಪಟ್ಟಿಗಳನ್ನೂ ಒಂದು ವೃತ್ತದ ಕೆಳಗೆ ಒಟ್ಟುಗೂಡಿಸಿ ಅವುಗಳ ಓಟಕ್ಕೆ ಕೊನೆಯನ್ನು ಕಾಣಿಸುವ ಕೆಲಸ ಅದರದು. ಅದಿಲ್ಲದೆ ಶಿಖರವು ಕತ್ತರಿಸಿ ನಿಲ್ಲಿಸಿದಂತೆ ಕಾಣುತ್ತಿದ್ದಿತು.

ನಾಗರಶಿಖರದಲ್ಲಿ ಅಂತಸ್ತುಗಳೇ ಇಲ್ಲವೇ ಎಂದು ಯಾರಾದರೂ ಕೇಳಬಹುದು. ಉಂಟು, ಆದರೆ ಅವು ಅಡಗಿಕೊಂಡಿವೆ. ಮೂಲೆಯ ಪಟ್ಟಿಯನ್ನು ಕೆಳಗಿನಿಂದ ಗಮನಿಸುತ್ತ ಹೋದರೆ, ಕೆಲವು ಅಡ್ಡಪದರಗಳಿಗೊಮ್ಮೆ ಒಂದು ಚಿಕ್ಕ ಆಮಲಕವು ಬಂದು ಕೂರುವುದು ಕಾಣುತ್ತದೆ. ಒಂದೊಂದು ಕರ್ಣಾಮಲಕವೂ ಒಂದೊಂದು ಭೂಮಿಯ, ಎಂದರೆ ಅಂತಸ್ತಿನ, ಕೊನೆಯ ಗುರುತು. ಒಂದಾನೊಂದು ಕಾಲಕ್ಕೆ ಸ್ಫುಟವಾಗಿದ್ದ ಅಂತಸ್ತುಗಳು ಕುಗ್ಗಿ ಕುಗ್ಗಿ ಪದರಗಳಾಗಿ, ಮೂಲೆಯಲ್ಲಿ ಮಾತ್ರ ತಮ್ಮ ಲೆಕ್ಕವನ್ನು ಉಳಿಸಿಕೊಂಡಿವೆ. ಲಂಬದ ಒತ್ತಡಕ್ಕೆ ಅಡ್ಡದ ಎಣಿಕೆ ಶರಣಾಗಿದೆ. ಆದುದರಿಂದ ಉತ್ತರಶಿಖರಕ್ಕೆ ಅಂತಸ್ತಿಲ್ಲ, ದಕ್ಷಿಣದ್ದಕ್ಕೆ ಉಂಟು ಎಂದು ಬರೆದ ವಿದ್ಯಾರ್ಥಿಗಿಂತ, ಒಂದರಲ್ಲಿ ಅಂತಸ್ತು ಪಟ್ಟಿಗೆ ಅಧೀನ, ಇನ್ನೊಂದರಲ್ಲಿ ಪಟ್ಟಿಯೇ ಅಂತಸ್ತಿಗೆ ಅಧೀನ ಎಂದು ಬರೆದವನು ವಿಷಯವನ್ನು ಹೆಚ್ಚು ಬಲ್ಲವನೆಂದು ತಿಳಿಯಬೇಕು.

ಇನ್ನು ವಿರೂಪಾಕ್ಷದ ಕಡೆಗೆ ಬರೋಣ. ಇಲ್ಲಿಯೂ ಗೋಡೆಯು ಚಾಚುತ್ತದೆ, ಸರಿಯುತ್ತದೆ. ಚಾಚಿದೆಡೆಯಲ್ಲಿ ಅರೆಗಂಬಗಳ ನಡುವೆ ದೇವಕೋಷ್ಠಗಳೂ ಅವುಗಳೊಳಗೆ ಶಿವನ ಮತ್ತು ವಿಷ್ಣುವಿನ ನಾನಾ ಮೂರ್ತಿಗಳೂ ಇವೆ. ಆದರೆ ಗೋಡೆಯು ಮುಗಿಯುವಲ್ಲಿ ಒಂದು ದೊಡ್ಡ ಘಟನೆ ನಡೆಯುತ್ತದೆ. ಕಪೋತವೆಂಬ ಬಾಗಿದ ಸೂರಂಚು ಗುಡಿಯ ಸುತ್ತಲೂ ದಟ್ಟವಾದ ನೆರಳಿನ ಗೆರೆಯೊಂದನ್ನು ಎಳೆದು, ಕೆಳಗಿನಿಂದ ಬಂದ ಲಂಬಗಳನ್ನೆಲ್ಲ ಅಲ್ಲಿಗೆ ಕಡಿದುಹಾಕುತ್ತದೆ. ಆ ಸೂರಿನ ಮೇಲೆ, ಕೆಳಗಣ ಒಂದೊಂದು ಚಾಚಿಗೂ ನೇರವಾಗಿ, ಒಂದೊಂದು ಪುಟ್ಟ ಗುಡಿಯನ್ನು ಕೂರಿಸಿದ್ದಾರೆ. ಮೂಲೆಯ ಚಾಚಿನ ಮೇಲೆ ಚೌಕದ ಗುಮ್ಮಟವುಳ್ಳ ಕೂಟ. ನಡುವಣ ಅಗಲವಾದ ಚಾಚಿನ ಮೇಲೆ ಬಂಡಿಯ ಕಮಾನಿನಂತೆ ಉದ್ದನೆಯ ಮಾಡುಳ್ಳ ಶಾಲೆ. ಇವೆರಡರ ನಡುವೆ ಅವಕಾಶವಿದ್ದಲ್ಲಿ, ಕುದುರೆಲಾಳದ ಮುಖದ ಪಂಜರ. ಇವನ್ನೆಲ್ಲ ತಗ್ಗಾದ ಗೋಡೆಯೊಂದು ಸರದಂತೆ ಪೋಣಿಸುವುದರಿಂದ ಈ ಸಾಲಿಗೆ ಹಾರವೆಂದು ಹೆಸರು ಬಂದಿದೆ. ಹಾರದ ಹಿಂದೆ, ಸ್ವಲ್ಪ ಒಳಕ್ಕೆ ಸರಿದು, ಎರಡನೆಯ ಅಂತಸ್ತಿನ ಗೋಡೆ. ಅದಕ್ಕೆ ಮತ್ತೆ ಅರೆಗಂಬಗಳು, ಮತ್ತೆ ಕಪೋತ, ಮತ್ತೆ ಹಾರ. ಅದರ ಹಿಂದೆ ಇನ್ನೂ ಕಿರಿದಾದ ಇನ್ನೊಂದು ಅಂತಸ್ತು. ಕಟ್ಟಕಡೆಗೆ ಒಂದು ಕಂಠ, ಅದರ ಮೇಲೆ ವಿರೂಪಾಕ್ಷದಲ್ಲಾದರೆ ಚೌಕದ, ನೆರೆಯ ಮಲ್ಲಿಕಾರ್ಜುನದಲ್ಲಾದರೆ ದುಂಡನೆಯ ಗುಮ್ಮಟ, ಮೇಲೆ ಸ್ತೂಪಿ.

ಪಿರಮಿಡ್ಡಿನ ಆಕಾರವು ಹುಟ್ಟುವುದು ಹೀಗೆ. ಅಲ್ಲಿ ಇಳಿಜಾರೆಂಬುದೇ ಇಲ್ಲ. ಇರುವುದೆಲ್ಲ ನೆಟ್ಟಗಿನ ಗೋಡೆ ಮತ್ತು ಸಮತಲದ ಮೇಲ್ಮೈ. ಒಂದೊಂದು ಅಂತಸ್ತೂ ಹಾರವೊಂದಕ್ಕೆ ಎಡೆಗೊಟ್ಟು ಹಿಂದೆ ಸರಿಯುವುದರಿಂದ, ದೂರದಿಂದ ನೋಡುವ ಕಣ್ಣು ಹಾರಗಳ ಹೊರಅಂಚುಗಳನ್ನು ಕೂಡಿಸಿ ಒಂದು ಓರೆಗೆರೆಯನ್ನು ತಾನೇ ಎಳೆದುಕೊಳ್ಳುತ್ತದೆ. ಇದನ್ನು ಊರ್ಧ್ವವಿನ್ಯಾಸದ ಚಿತ್ರದಲ್ಲಿ ತೋರಿಸಬೇಕಾದರೆ ಎರಡು ಓರೆಗೆರೆಗಳನ್ನೆಳೆದು ಒಳಗೆ ಅಡ್ಡಗೆರೆಗಳನ್ನು ತುಂಬುವುದು ತಪ್ಪು ದಾರಿ. ಮೊದಲು ಒಂದರೊಳಗೊಂದು ಕಿರಿದಾಗುವ ಚೌಕಗಳನ್ನು ನೆಲವಿನ್ಯಾಸದಲ್ಲಿ ಬರೆದು, ಆಮೇಲೆ ಆ ಚೌಕಗಳ ಅಂಚಿನಿಂದ ಗೆರೆಗಳನ್ನು ಮೇಲಕ್ಕೆತ್ತಿ ಅಂತಸ್ತುಗಳನ್ನು ಕಟ್ಟಿ, ಒಂದೊಂದರ ಅಂಚಿನ ಮೇಲೆಯೂ ಕೂಟ ಶಾಲೆಗಳನ್ನು ಕೂರಿಸಿದರೆ ಪಿರಮಿಡ್ಡು ತಾನಾಗಿಯೇ ಮೂಡುತ್ತದೆ. ದ್ರಾವಿಡವಿಮಾನಕ್ಕೆ ಒಂದು ನೆಲವಿನ್ಯಾಸವೆಂಬುದು ಸಾಲದು. ಅಂತಸ್ತಿಗೊಂದರಂತೆ ಹಲವು ನೆಲವಿನ್ಯಾಸಗಳು ಬೇಕು. ನಾಗರಶಿಖರಕ್ಕಾದರೋ ಒಂದೇ ನೆಲವಿನ್ಯಾಸವು ಸಾಕು. ಯಾವ ಎತ್ತರದಲ್ಲಿ ಅಡ್ಡಲಾಗಿ ಕೊಯ್ದರೂ ಅದೇ ನಕ್ಷೆಯು ಕಿರಿದಾಗಿ ದೊರೆಯುತ್ತದೆ. ಈ ಒಂದು ವಾಕ್ಯವನ್ನು ಎರಡು ಚಿತ್ರಗಳ ಕೆಳಗೆ ಬರೆದ ಉತ್ತರವು ನನ್ನ ಮಟ್ಟಿಗೆ ಅರ್ಧಕ್ಕಿಂತ ಹೆಚ್ಚು ಅಂಕಗಳನ್ನು ಆಗಲೇ ಗಳಿಸಿಕೊಂಡಿರುತ್ತದೆ.

ಎರಡು ರೀತಿಗಳೂ ದೊಡ್ಡವಾಗಿ ಬೆಳೆದಾಗ ಈ ಭೇದವು ಇನ್ನೂ ನಿಚ್ಚಳವಾಗುತ್ತದೆ. ದಕ್ಷಿಣದ ಶಿಲ್ಪಿಗೆ ಎತ್ತರ ಬೇಕಾದಾಗ ಅವನು ಅಂತಸ್ತುಗಳನ್ನು ಹೆಚ್ಚಿಸುತ್ತಾನೆ. ಮಾಮಲ್ಲಪುರದಲ್ಲಿ ಒಂದೇ ಬಂಡೆಯಲ್ಲಿ ಕಡೆದ ಧರ್ಮರಾಜರಥವು ಮೂರಂತಸ್ತಿನದು. ಹಾರದ ಕೂಟ ಶಾಲೆಗಳನ್ನು ಬೆರಳಿಟ್ಟು ಎಣಿಸಿ ಕಲಿಯಲು ಅದಕ್ಕಿಂತ ಸ್ಪಷ್ಟವಾದ ಮಾದರಿಯಿಲ್ಲ. ಅಲ್ಲಿಂದ ಮೂರು ಶತಮಾನಗಳ ಮೇಲೆ, 1010ರಲ್ಲಿ ಪೂರ್ಣವಾದ, ರಾಜರಾಜ ಚೋಳನ ತಂಜಾವೂರಿನ ಬೃಹದೀಶ್ವರದಲ್ಲಿ ಅಂತಸ್ತುಗಳು 13 ಆಗಿ, ಎತ್ತರವು 60 ಮೀಟರನ್ನು ಮೀರಿತು. ಅಷ್ಟು ಅಂತಸ್ತುಗಳನ್ನು ಅಷ್ಟು ಅಗಲದೊಳಗೆ ಹೊಂದಿಸಬೇಕಾದುದರಿಂದ ಒಂದೊಂದರ ಸರಿತವೂ ಬಹಳ ಕಡಿಮೆಯಾಯಿತು. ಅದಕ್ಕಾಗಿಯೇ ತಂಜಾವೂರಿನ ವಿಮಾನವು ದೂರಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಕಾಣದೆ, ನುಣ್ಣನೆಯ ಓರೆಬದಿಯ ನಿಜವಾದ ಪಿರಮಿಡ್ಡಿನಂತೆ ತೋರುತ್ತದೆ. ಪಠ್ಯಪುಸ್ತಕಗಳ ವರ್ಣನೆಯು ಬಹುಮಟ್ಟಿಗೆ ಈ ಒಂದು ಗುಡಿಯ ಬಾಹ್ಯರೇಖೆಯಿಂದ ಹುಟ್ಟಿದುದು. ಅದನ್ನು ಕಂಠಪಾಠ ಮಾಡಿದವರು ವಿರೂಪಾಕ್ಷದ ಮುಂದೆ ನಿಂತಾಗ ತಬ್ಬಿಬ್ಬಾಗುವುದು ಆಶ್ಚರ್ಯವಲ್ಲ.

ಉತ್ತರದ ಶಿಲ್ಪಿ ಮಾಡಿದ್ದು ಬೇರೆ. ಅವನು ಅಂತಸ್ತನ್ನು ಹೆಚ್ಚಿಸಲಿಲ್ಲ. ಇಡೀ ಶಿಖರದ ಕಿರಿಯ ಪ್ರತಿರೂಪಗಳನ್ನು ಮಾಡಿ, ಅವನ್ನು ದೊಡ್ಡ ಶಿಖರದ ಎದೆಗೆ ಒರಗಿಸಿದನು. ಭದ್ರದ ಮೇಲೆ ಒಂದು ಅರ್ಧಶಿಖರ, ಅದರ ಮುಂದೆ ಇನ್ನೂ ಚಿಕ್ಕದೊಂದು, ಕರ್ಣದ ಮೇಲೆ ಮತ್ತೊಂದು. ಇವಕ್ಕೆ ನೆಲೆಯಾಗಲೆಂದು ನೆಲವಿನ್ಯಾಸದ ಚಾಚುಗಳೂ ಹೆಚ್ಚಿದವು. ಹನ್ನೊಂದನೆಯ ಶತಮಾನದಲ್ಲಿ ಚಂದೇಲರು ಖಜುರಾಹೊದಲ್ಲಿ ಕಟ್ಟಿಸಿದ ಕಂಡರಿಯ ಮಹಾದೇವವು ಸುಮಾರು 31 ಮೀಟರ್ ಎತ್ತರದ್ದು. ಅದರ ಮುಖ್ಯಶಿಖರಕ್ಕೆ ಒರಗಿದ ಕಿರುಶಿಖರಗಳ ಸಂಖ್ಯೆಯನ್ನು 84 ಎಂದು ಎಣಿಸುವುದುಂಟು. ದಕ್ಷಿಣದಲ್ಲಿ ಚಿಕ್ಕದಾಗಿ ಪುನರಾವರ್ತನೆಗೊಳ್ಳುವುದು ಇಡಿಯ ಗುಡಿ, ಕಂಬ ಸೂರು ಗುಮ್ಮಟಗಳ ಸಹಿತವಾದ ವಾಸಯೋಗ್ಯವಾದ ಗುಡಿ. ಉತ್ತರದಲ್ಲಿ ಪುನರಾವರ್ತನೆಗೊಳ್ಳುವುದು ಶಿಖರ. ಈ ಎರಡು ಮಾತುಗಳ ಮುಂದೆ ಹತ್ತು ಅಂಶಗಳ ಪಟ್ಟಿಯೂ ಬಡವೆಂದು ನನಗೆ ತೋರುತ್ತದೆ.

ಉತ್ತರಪತ್ರಿಕೆಗಳನ್ನು ಕೆಡಿಸುವ ಕೆಲವು ಗೊಂದಲಗಳನ್ನು ಇಲ್ಲಿ ಹೇಳಿಬಿಡಬೇಕು. ಎಲ್ಲಕ್ಕಿಂತ ಹೆಚ್ಚಾಗಿ ಕಾಣುವುದು, ದಕ್ಷಿಣದ ವಿಮಾನವನ್ನು ಬರೆಯಿರೆಂದರೆ ಗೋಪುರವನ್ನು ಬರೆದಿಡುವುದು. ಮಧುರೆಯ ಗೋಪುರಗಳ ಚಿತ್ರಗಳು ಎಲ್ಲೆಲ್ಲಿಯೂ ಕಣ್ಣಿಗೆ ಬೀಳುವುದರಿಂದ ಈ ತಪ್ಪು ಸಹಜವೆಂದರೂ ಕ್ಷಮ್ಯವಲ್ಲ. ಏಕೆಂದರೆ ಇಲ್ಲಿ ನೆಲವಿನ್ಯಾಸವೇ ಬೇರೆ. ವಿಮಾನವು ಗರ್ಭಗುಡಿಯ ಮೇಲಣದು, ಚೌಕ. ಗೋಪುರವು ಬಾಗಿಲಿನ ಮೇಲಣದು, ನಡುವೆ ದಾರಿಯನ್ನು ಬಿಟ್ಟುಕೊಂಡ ಆಯತ. ನೆಲವು ಆಯತವಾದುದರಿಂದ ಗೋಪುರದ ತಲೆಯ ಮೇಲೆ ದುಂಡು ಗುಮ್ಮಟವು ಕೂರಲಾರದು. ಉದ್ದನೆಯ ಶಾಲೆಯ ಮಾಡೇ ಬರಬೇಕು, ಅದರ ಮೇಲೆ ಒಂದು ಸ್ತೂಪಿಗೆ ಬದಲಾಗಿ ಕಲಶಗಳ ಸಾಲು. ವಿರೂಪಾಕ್ಷದ ಪ್ರಾಕಾರಕ್ಕೂ ಬಾಗಿಲುಗಳುಂಟು. ಆದರೆ ಅವು ವಿಮಾನದ ಮುಂದೆ ಕುಳ್ಳು. ಬಾಗಿಲು ಬೆಳೆದು ವಿಮಾನವನ್ನು ಮೀರಿದ್ದು ಎಷ್ಟೋ ಶತಮಾನಗಳ ಮೇಲೆ.

ಇನ್ನೊಂದು ಗೊಂದಲವು ಗ್ರಂಥಗಳಿಂದಲೇ ಬಂದುದು. ಉತ್ತರದಲ್ಲಿ ಶಿಖರವೆಂದರೆ ಗೋಡೆಯ ಮೇಲಣ ಇಡಿಯ ಭಾಗ. ದಕ್ಷಿಣದ ಶಾಸ್ತ್ರಕಾರರಿಗೆ ಶಿಖರವೆಂದರೆ ಕಂಠದ ಮೇಲಣ ಗುಮ್ಮಟ ಮಾತ್ರ. ಅಷ್ಟೇ ಅಲ್ಲ, ಮಯಮತವೇ ಮೊದಲಾದ ದಕ್ಷಿಣದ ಶಿಲ್ಪಗ್ರಂಥಗಳು ಚೌಕವಾದುದನ್ನು ನಾಗರವೆಂದೂ, ಎಂಟುಮೂಲೆಯದನ್ನು ದ್ರಾವಿಡವೆಂದೂ, ದುಂಡನ್ನು ವೇಸರವೆಂದೂ ಕರೆಯುತ್ತವೆ. ಈ ಎಣಿಕೆಯನ್ನು ಅಕ್ಷರಶಃ ಹಿಡಿದರೆ ಚೌಕದ ಗುಮ್ಮಟವನ್ನು ಹೊತ್ತ ವಿರೂಪಾಕ್ಷವು ನಾಗರವಾಗಬೇಕು, ಪಕ್ಕದ ಮಲ್ಲಿಕಾರ್ಜುನವು ವೇಸರವಾಗಬೇಕು! ಅದು ದ್ರಾವಿಡರೀತಿಯ ಒಳಗೇ ಮಾಡಿಕೊಂಡ ಇನ್ನೊಂದು ವಿಂಗಡಣೆ. ಪರೀಕ್ಷೆಯ ಪ್ರಶ್ನೆಯು ಕೇಳುತ್ತಿರುವುದು ಅದನ್ನಲ್ಲ. ಹಾಗೆಯೇ ಫರ್ಗುಸನ್ನನು 1876ರ ತನ್ನ ಗ್ರಂಥದಲ್ಲಿ ಒಂದನ್ನು ಇಂಡೋ-ಆರ್ಯವೆಂದೂ ಮತ್ತೊಂದನ್ನು ದ್ರಾವಿಡವೆಂದೂ ಜನಾಂಗದ ಹೆಸರಿನಿಂದ ಕರೆದುದರ ನೆರಳು ಇಂದಿಗೂ ಕೆಲವು ಉತ್ತರಗಳಲ್ಲಿ ಸುಳಿಯುತ್ತದೆ. ಉತ್ತರ ದಕ್ಷಿಣಗಳೆಂಬ ದಿಕ್ಕಿನ ಮಾತನ್ನೂ ಎಚ್ಚರದಿಂದಲೇ ಆಡಬೇಕು. ಕೃಷ್ಣೆಯ ದಕ್ಷಿಣಕ್ಕಿರುವ ಪಟ್ಟದಕಲ್ಲಿನಲ್ಲಿಯೂ, ತುಂಗಭದ್ರೆಯ ದಡದ ಆಲಂಪುರದಲ್ಲಿಯೂ ಶುದ್ಧವಾದ ನಾಗರಶಿಖರಗಳು ನಿಂತಿವೆಯೆಂದಮೇಲೆ, ದಿಕ್ಕು ಆ ರೀತಿಯು ಹೆಚ್ಚಾಗಿ ಹಬ್ಬಿದ ಸೀಮೆಯನ್ನು ಸೂಚಿಸುತ್ತದೆಯೇ ಹೊರತು ಗುಡಿಯ ಜಾತಕವನ್ನಲ್ಲ.

ಅಲಂಕಾರದಿಂದ ರೀತಿಯನ್ನು ನಿರ್ಣಯಿಸಹೊರಡುವುದೂ ಅಪಾಯಕರವೇ. ಕುದುರೆಲಾಳದಂಥ ಚೈತ್ಯಗವಾಕ್ಷವನ್ನು ನೋಡಿರಿ. ಅದು ಎರಡು ರೀತಿಗಳಿಗೂ ಸಮಾನವಾದ ಪಿತ್ರಾರ್ಜಿತ. ನಾಗರಶಿಖರದಲ್ಲಿ ನಡುಪಟ್ಟಿಯ ಮೇಲೆ ಅದು ಒಂದಕ್ಕೊಂದು ಹೆಣೆದು ಜಾಲವಾಗಿ ಮೇಲಕ್ಕೆ ಹಬ್ಬುತ್ತದೆ. ವಿರೂಪಾಕ್ಷದಲ್ಲಿ ಅದೇ ಆಕಾರವು ಕಪೋತದ ಮೇಲೆ ಬಿಡಿಬಿಡಿಯಾಗಿ, ಅಡ್ಡಸಾಲಿನಲ್ಲಿ ಕೂಡುಗಳಾಗಿ ಕೂರುತ್ತದೆ. ಶಿಖರದ ಮುಂದೆ ಚಾಚುವ ಶುಕನಾಸವೂ ಪಟ್ಟದಕಲ್ಲಿನಲ್ಲಿ ಎರಡು ಕಡೆಗೂ ಸಾಧಾರಣ. ಕಾಶಿವಿಶ್ವನಾಥದಲ್ಲಿ ಅದರ ಮುಖದಲ್ಲಿ ಕುಣಿಯುವ ಶಿವನೂ ಪಕ್ಕದಲ್ಲಿ ಪಾರ್ವತಿಯೂ ಇದ್ದಾರೆ, ವಿರೂಪಾಕ್ಷದಲ್ಲಿಯೂ ಶುಕನಾಸಕ್ಕೆ ಕೊರತೆಯಿಲ್ಲ. ಆದುದರಿಂದ ಒರೆಗಲ್ಲು ಒಂದೇ: ಗೋಡೆಯ ಒಂದು ಚಾಚನ್ನು ಹಿಡಿದು ಕಣ್ಣನ್ನು ಮೇಲಕ್ಕೆ ಒಯ್ಯಿರಿ, ಅದು ತುದಿಯವರೆಗೂ ತಡೆಯಿಲ್ಲದೆ ಹೋದರೆ ನಾಗರ, ಸೂರಿನಲ್ಲಿ ಕಡಿದುಹೋಗಿ ಅದರ ಮೇಲೊಂದು ಪುಟ್ಟ ಗುಡಿಯು ಕುಳಿತಿದ್ದರೆ ದ್ರಾವಿಡ.

ಈ ಒರೆಗಲ್ಲಿಗೂ ತೊಡಕು ತರುವ ಗುಡಿಗಳಿಲ್ಲವೆಂದಲ್ಲ. ಪಟ್ಟದಕಲ್ಲಿನ ದಕ್ಷಿಣದ ಅಂಚಿನಲ್ಲಿರುವ ಪಾಪನಾಥವು ಅಂಥದು. ಅದರ ಗರ್ಭಗುಡಿಯ ಮೇಲಿರುವುದು ನಾಗರಶಿಖರ; ಗೋಡೆಯ ಕೋಷ್ಠಗಳ ಮೇಲೆ ಉತ್ತರರೀತಿಯ ಗವಾಕ್ಷಗಳ ಕಿರೀಟ; ಆದರೆ ಗೋಡೆಯ ತಲೆಯ ಮೇಲೆ ಸುತ್ತಲೂ ಕೂಟ ಶಾಲೆಗಳ ದ್ರಾವಿಡಹಾರ! ಎರಡು ಮಂಟಪಗಳನ್ನು ಒಂದರ ಹಿಂದೊಂದು ಇಟ್ಟು ಬಹಳ ಉದ್ದವಾಗಿ ಬೆಳೆಸಿದ ಆ ಕಟ್ಟಡಕ್ಕೆ ಹಿಂದುಗಡೆಯ ಶಿಖರವು ತೀರ ಚಿಕ್ಕದಾಗಿ ಕಾಣುತ್ತದೆ. ಅದನ್ನು ಸುಂದರವೆಂದು ಹೊಗಳಲು ನನಗೆ ಮನಸ್ಸೊಪ್ಪದು. ಕಾರಣವೂ ಸ್ಪಷ್ಟವೇ ಇದೆ. ಲಂಬವಾಗಿ ಏರಬೇಕೆನ್ನುವ ಶಿಖರದ ಕೆಳಗೆ ಅಡ್ಡವಾಗಿ ಸುತ್ತುವ ಹಾರವನ್ನಿಟ್ಟರೆ, ಗೋಡೆಯ ಮಾತು ಶಿಖರಕ್ಕೆ ಕೇಳಿಸುವುದಿಲ್ಲ; ಎರಡು ರೀತಿಗಳನ್ನು ಪಕ್ಕಪಕ್ಕದಲ್ಲಿಟ್ಟಿದ್ದಾರೆಯೇ ಹೊರತು ಕೂಡಿಸಿಲ್ಲ.

ಕೂಡಿಸಿದ ಕೀರ್ತಿಯು ಸಲ್ಲತಕ್ಕದ್ದು ಮುಂದಿನ ಕಲ್ಯಾಣ ಚಾಲುಕ್ಯರ ಕಾಲದ ಶಿಲ್ಪಿಗಳಿಗೆ. ಅವರು ನಾಗರಶಿಖರವನ್ನು ತಂದು ದ್ರಾವಿಡದ ಗೋಡೆಯ ಮೇಲಿಡಲಿಲ್ಲ. ದ್ರಾವಿಡದ ಅಂತಸ್ತುಗಳನ್ನೇ ಇಟ್ಟುಕೊಂಡು, ಅಂತಸ್ತಿನ ಎತ್ತರವನ್ನು ತಗ್ಗಿಸಿ, ನಡುವಣ ಚಾಚನ್ನು ಹಂತ ಹಂತವಾಗಿ ಮುಂದಕ್ಕೆ ತಂದು, ಕೆಳಗಣ ಶಾಲೆಯ ತಲೆಯು ಮೇಲಣ ಅಂತಸ್ತಿನ ಶಾಲೆಯ ಕಾಲನ್ನು ಮುಟ್ಟುವಂತೆ ಮಾಡಿದರು. ಆಗ ಕಡಿದ ಲಂಬವು ಮತ್ತೆ ಕೂಡಿಕೊಂಡಿತು. ಗದಗಿನ ಸಮೀಪದ ಡಂಬಳದ ದೊಡ್ಡಬಸಪ್ಪನ ಗುಡಿಯಲ್ಲಿ ಇದು ತನ್ನ ಮೇರೆಯನ್ನು ತಲಪಿದೆ. ಅಲ್ಲಿ ಗರ್ಭಗುಡಿಯ ಹೊರಗೋಡೆಯು ಚೌಕವನ್ನು ಬಿಟ್ಟು 24 ಮೊನೆಗಳ ನಕ್ಷತ್ರವಾಗಿದೆ. ಆ ಮೊನೆಗಳು ಅಧಿಷ್ಠಾನದಿಂದ ಹೊರಟು, ಗೋಡೆಯನ್ನು ದಾಟಿ, ಅಂತಸ್ತುಗಳ ಅಡ್ಡಗೆರೆಗಳೊಡನೆ ಹೆಣೆದುಕೊಂಡು, ಗುಮ್ಮಟದ ಬುಡದವರೆಗೂ ಏರುತ್ತವೆ. ಕಪೋತ ಹಾರಗಳನ್ನು ಎಣಿಸಿದವನಿಗೆ ಅದು ದ್ರಾವಿಡ. ಮೊನೆಯೊಂದನ್ನು ಹಿಡಿದು ಕಣ್ಣನ್ನು ಮೇಲಕ್ಕೊಯ್ದವನಿಗೆ ಅದು ನಾಗರದಂತೆಯೇ ಓಡುತ್ತದೆ. ಎರಡನ್ನು ಮಾತ್ರ ಹೋಲಿಸಿರೆಂದು ಕೇಳಿದ ಪ್ರಶ್ನೆಗೆ ಉತ್ತರ ಬರೆಯುವ ವಿದ್ಯಾರ್ಥಿಯು ಇದನ್ನು ವೇಸರವೆಂದು ಕರೆದು, ಮೇಲಣ ಎರಡು ಚಿತ್ರಗಳ ಪಕ್ಕದಲ್ಲಿ ನಕ್ಷತ್ರದ ನೆಲವಿನ್ಯಾಸವನ್ನು ಸಣ್ಣದಾಗಿ ಬರೆದು ತೋರಿಸಿದರೆ ಸಾಕು.